ಎಣ್ಣೆ ಗುಂಪಿನ ಅಂಕ

ಹಲ್ಲಿಗೆ ಅಂಕ ಕೊಡುವ ಕೆಲಸವೂ ಒಂದಿದೆ ಎಂದರೆ ಜನ ನಗುತ್ತಾರೆ. ನಗಲಿ ಬಿಡಿ, ನಕ್ಕರೆ ಹಲ್ಲು ಕಾಣುತ್ತದೆ, ಅಂಕದಕ್ಕನಿಗೆ ಬೇಕಾದದ್ದೂ ಅಷ್ಟೇ. ದಂತ ಕಾಲೇಜಿನ ಮೂರನೇ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿ ನಿಂತ ಕುರ್ಚಿಯ ಪಕ್ಕದಲ್ಲಿ ಹನ್ನೊಂದು ವರ್ಷ ಅವಳು ಮಾಡಿದ್ದು ಇದನ್ನೇ. ಅವಳಿಗೊಂದು ಸರಿಯಾದ ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ಈಗಲೂ ಇದೆ. ಆದರೆ ಲಿಫ್ಟಿನವನಿಂದ ಹಿಡಿದು ಪ್ರೊಫೆಸರ್ ಮೇಡಂವರೆಗೆ ಎಲ್ಲರ ಬಾಯಲ್ಲೂ ಅವಳು ಅಂಕದಕ್ಕ.

ಕೆಲಸ ನೋಡಲು ಸುಲಭ. ಹಿಂದಿನ ರಾತ್ರಿಯಿಂದ ಹಲ್ಲುಜ್ಜದೆ ಬಂದವರನ್ನು ಕುರ್ಚಿಯಲ್ಲಿ ಕೂರಿಸುವುದು, ಬಾಯಿಗೆ ನಾಲ್ಕು ಹನಿ ಗುಲಾಬಿ ಬಣ್ಣ ಬಿಡುವುದು, ಒಂದು ಸಲ ಮುಕ್ಕಳಿಸಿ ಉಗುಳಿ ಎನ್ನುವುದು. ಬರಿಯ ಹಲ್ಲಿನಿಂದ ಬಣ್ಣ ತೊಳೆದುಹೋಗುತ್ತದೆ. ಹಲ್ಲಿಗೆ ಅಂಟಿಕೊಂಡ ಪಾಚಿಯಂಥ ಪೊರೆ ಮಾತ್ರ ಬಣ್ಣ ಕುಡಿದು ಕಳ್ಳನ ಹಾಗೆ ಸಿಕ್ಕಿಬೀಳುತ್ತದೆ. ಆಮೇಲೆ ಒಂದೊಂದು ಹಲ್ಲಿನ ಮುಂದಕ್ಕೊಂದು, ಹಿಂದಕ್ಕೊಂದು ಅಂಕ. ಏನೂ ಇಲ್ಲದಿದ್ದರೆ ಸೊನ್ನೆ. ವಸಡಿನಂಚಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಒಂದು. ಹಲ್ಲಿನ ಮುಕ್ಕಾಲು ಪಾಲು ಗುಲಾಬಿಯಾಗಿದ್ದರೆ ಐದು. ಇಲ್ಲಿ ಅಂಕ ಹೆಚ್ಚು ಬಂದಷ್ಟೂ ಮಾನ ಕಡಿಮೆ. ಅವಳು ಹೇಳಿದ ಹಾಗೆ ಪಕ್ಕದ ಮೇಜಿನ ಗುಮಾಸ್ತರು ಬರೆದುಕೊಳ್ಳುತ್ತಾರೆ. ಅದೇ ಬಾಯಿಯನ್ನು ಬೆಳಿಗ್ಗೆ ತೋರಿಸಿದರೂ ಸಂಜೆ ತೋರಿಸಿದರೂ ಅದೇ ಅಂಕ ಹೇಳುತ್ತಿದ್ದಳು ಎನ್ನುವುದು ಅವಳ ಹೆಗ್ಗಳಿಕೆ. ಅಂಥ ಕಣ್ಣು ಹಣ ಕೊಟ್ಟರೂ ಸಿಗುವುದಿಲ್ಲ ಎಂದು ಮೇಡಂ ಹೊಸಬರಿಗೆ ಹೇಳುತ್ತಿದ್ದರು.

ಇಂಥ ಕಣ್ಣಿನ ಹೆಂಡತಿಯನ್ನು ಕಟ್ಟಿಕೊಂಡ ಗಂಡನ ಪಾಡು ಕೇಳಬೇಡಿ. ಅವರು ಕಾರು ಓಡಿಸಲು ಕಲಿಸುವ ಮೇಷ್ಟ್ರು. ದಿನವಿಡೀ "ಕ್ಲಚ್ ಬಿಡಿ, ಮೆಲ್ಲಗೆ ಬಿಡಿ, ಅಯ್ಯೋ" ಎಂದು ಕೂಗಿ ಮನೆಗೆ ಬರುವವರು. ಯಾರು ಏನು ಹೇಳಿದರೂ ನಂಬುವ ಸ್ವಭಾವ. ಪಕ್ಕದ ಸೀಟಿನಲ್ಲಿ ಕೂತು ಅಪರಿಚಿತರ ಕೈಗೆ ಸ್ಟೇರಿಂಗ್ ಕೊಡುವವರು ಇನ್ನು ಹೇಗಿರಲು ಸಾಧ್ಯ?

ಒಮ್ಮೆ ಯಾರೋ ಶಿಷ್ಯ ಹೇಳಿದ ಅಂತ ಇದ್ದಿಲು ಪೇಸ್ಟು ತಂದರು. ಮೂರು ವಾರಕ್ಕೆ ಹಲ್ಲು ಬೆಳ್ಳಗಾಯಿತು ಎಂದು ಕನ್ನಡಿ ಮುಂದೆ ಕುಣಿದರು. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣ್ರೀ" ಎಂದಳು ಅವಳು. ಟೀ ಕಾಫಿಯ ಕಲೆಯನ್ನು ಇದ್ದಿಲಿನ ಪುಡಿ ಉಜ್ಜಿ ತೆಗೆಯುತ್ತದೆ, ನಿಜ. ಆದರೆ ಉಜ್ಜುವ ಪುಡಿಗೆ ಕಲೆ ಯಾವುದು, ಹಲ್ಲಿನ ಹೊರಕವಚ ಯಾವುದು ಎಂದು ಗೊತ್ತಾಗುವುದಿಲ್ಲ. ಎರಡು ತಿಂಗಳಿಗೆ ತಣ್ಣೀರು ಕುಡಿದರೆ ಜುಮ್ಮೆನ್ನತೊಡಗಿತು, ಹಳೇ ಸಿಮೆಂಟು ತುಂಬಿದ ಹಲ್ಲಿನ ಸುತ್ತ ಕಪ್ಪು ಗೆರೆ ಕೂತಿತು. ಮೇಷ್ಟ್ರು ಆ ಟ್ಯೂಬನ್ನು ತಾವೇ ಕಸಕ್ಕೆ ಹಾಕಿದರು. ಒಂದು ಆಟ ಅವಳದ್ದಾಯಿತು.

ಆಮೇಲೆ ಬೇರು, ತೊಗಟೆ, ಎಲೆಗಳ ಚಿತ್ರವಿದ್ದ ಗಿಡಮೂಲಿಕೆ ಪೇಸ್ಟು ಬಂತು. ಅವಳು ಡಬ್ಬಿ ತಿರುಗಿಸಿ ತಿರುಗಿಸಿ ಓದಿದಳು. ಫ್ಲೋರೈಡ್ ಎನ್ನುವ ಪದ ಎಲ್ಲೂ ಇರಲಿಲ್ಲ. "ವಸಡಿಗೆ ಇದು ಬೇರೆಯದಕ್ಕಿಂತ ಕೆಟ್ಟದ್ದೇನಲ್ಲ. ಆದರೆ ಹುಳುಕು ತಡಿಯೋದು ಫ್ಲೋರೈಡು. ಅದಿಲ್ದೆ ಕಾಡೆಲ್ಲ ತಂದು ತುಂಬಿದ್ರೂ ಏನುಪಯೋಗ?" ಎಂದಳು. ಮೇಷ್ಟ್ರು ಕೇಳಲಿಲ್ಲ. ವರ್ಷ ಕಳೆದ ಮೇಲೆ ವಸಡಿನ ಬುಡದಲ್ಲಿ ಎರಡು ಹಲ್ಲು ಹುಳುಕಾದವು. ಅದು ಪೇಸ್ಟಿನಿಂದಲೋ ಡ್ರೈವಿಂಗ್ ಶಾಲೆಯ ಪೆಪ್ಪರಮಿಂಟಿನಿಂದಲೋ ಎಂದು ಖಡಾಖಂಡಿತವಾಗಿ ಹೇಳಲಾಗದು ಎಂದು ಅವಳೇ ಒಪ್ಪಿದಳು. ಆದರೂ ಎರಡನೇ ಆಟವನ್ನು ತನ್ನ ಲೆಕ್ಕಕ್ಕೇ ಸೇರಿಸಿಕೊಂಡಳು.

ಮೂರನೆಯದರಲ್ಲಿ ಸೋತಳು. ಮೇಷ್ಟ್ರ ಭುಜ ಹಿಡಿದುಕೊಂಡು ಕೈ ಎತ್ತಲಾಗದೆ ಹೋದಾಗ ಅವರೊಂದು ಎಲೆಕ್ಟ್ರಿಕ್ ಬ್ರಷ್ ತಂದರು. "ಮೂಗಿಗಿಂತ ಮೂಗುತಿ ಭಾರ. ದೇವರು ಕೊಟ್ಟ ಕೈಗೆ ಏನಾಗಿದೆ? ಸರಿಯಾಗಿ ಎರಡು ನಿಮಿಷ ಉಜ್ಜಿದ್ರೆ ಐದು ರೂಪಾಯಿ ಬ್ರಷ್ಷೂ ಸಾಕು" ಎಂದು ಅವಳು ಹಾರಾಡಿದಳು. ಅವಳ ಮಾತು ಸುಳ್ಳಲ್ಲ, ಆದರೆ ಸರಿಯಾಗಿ ಎರಡು ನಿಮಿಷ ಉಜ್ಜುವವರು ಎಷ್ಟು ಜನ? ಆ ಬ್ರಷ್ಷು ಅರ್ಧ ನಿಮಿಷಕ್ಕೊಮ್ಮೆ ತಡವರಿಸಿ, ಇನ್ನೊಂದು ಕಡೆಗೆ ಹೋಗು ಎಂದು ಎಚ್ಚರಿಸುತ್ತಿತ್ತು. ಜೋರಾಗಿ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು. ಮೂರು ತಿಂಗಳಿಗೆ ಮೇಷ್ಟ್ರ ವಸಡಿನ ರಕ್ತ ನಿಂತಿತು. ಅವಳು ಒಂದು ಸಂಜೆ ಅವರನ್ನು ದೀಪದ ಕೆಳಗೆ ಕೂರಿಸಿ ಬಾಯಿ ನೋಡಿ, ಮರುದಿನ ತನಗೂ ಒಂದು ಬ್ರಷ್ ತಲೆ ತಂದುಕೊಂಡಳು. ಹಿಡಿ ಒಂದೇ, ತಲೆ ಎರಡು: ಅವರದ್ದಕ್ಕೆ ನೀಲಿ ಬಳೆ, ಅವಳದ್ದಕ್ಕೆ ಹಳದಿ ಬಳೆ.

ಉಳಿದದ್ದು ಎಣ್ಣೆ. ಮೇಷ್ಟ್ರು ದಿನಾ ಬೆಳಿಗ್ಗೆ ಒಂದು ಚಮಚ ಎಳ್ಳೆಣ್ಣೆ ಬಾಯಿಗೆ ಹಾಕಿಕೊಂಡು ಇಪ್ಪತ್ತು ನಿಮಿಷ ಮುಕ್ಕಳಿಸುತ್ತಿದ್ದರು. ತಲೆನೋವಿನಿಂದ ಮಂಡಿನೋವಿನವರೆಗೆ ಎಲ್ಲವನ್ನೂ ಅದು ಎಳೆದು ತೆಗೆಯುತ್ತದಂತೆ. ಆ ಇಪ್ಪತ್ತು ನಿಮಿಷ ಅವರ ಬಾಯಿಗೆ ಬೀಗ, ಅವಳ ಬಾಯಿಗೆ ಬಿಡುಗಡೆ. ಬಚ್ಚಲುಮನೆಯ ಬಾಗಿಲಿಗೆ ಒರಗಿಕೊಂಡು ಅವಳು ಮನೆಯ ಮಾತು, ಕಾಲೇಜಿನ ಮಾತು, ನಾದಿನಿಯ ಮೇಲಿನ ದೂರು ಎಲ್ಲವನ್ನೂ ಆಗಲೇ ಹೇಳುವುದು. ಅವರು ಹೌದಾದರೆ "ಊಂ", ಅಲ್ಲವಾದರೆ "ಊಂಹೂಂ" ಎನ್ನುವುದು. ಕೊನೆಯಲ್ಲಿ ತಪ್ಪದೆ, "ಆ ಎಣ್ಣೆಯಿಂದ ಏನೂ ಆಗಲ್ಲ ಅಂತ ನಾನು ಹೇಳಿರ್ಲಿಲ್ವಾ?" ಎಂದು ಅವಳು ಕೇಳುವುದು, ಅವರು ಕಣ್ಣು ಮುಚ್ಚಿಕೊಂಡು ಇನ್ನೂ ಜೋರಾಗಿ ಮುಕ್ಕಳಿಸುವುದು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದೆಂದರೆ ಇದೇ ಎಂದು ಅವಳು ರೇಗಿಸುತ್ತಿದ್ದಳು.

ಹೀಗಿರುವಾಗ ಮೇಡಂ ದೊಡ್ಡದೊಂದು ಪರೀಕ್ಷೆ ಶುರುಮಾಡಿದರು. ನೂರಿಪ್ಪತ್ತು ಜನ, ನಾಲ್ಕು ಗುಂಪು, ಹನ್ನೆರಡು ವಾರ. ಒಂದು ಗುಂಪಿಗೆ ಸಾದಾ ಬ್ರಷ್ಷು, ಫ್ಲೋರೈಡ್ ಪೇಸ್ಟು. ಎರಡನೆಯದಕ್ಕೆ ಅದೇ ಪೇಸ್ಟು, ಎಲೆಕ್ಟ್ರಿಕ್ ಬ್ರಷ್ಷು. ಮೂರನೆಯದಕ್ಕೆ ಸಾದಾ ಬ್ರಷ್ಷು, ಗಿಡಮೂಲಿಕೆ ಪೇಸ್ಟು. ನಾಲ್ಕನೆಯದಕ್ಕೆ ಸಾದಾ ಬ್ರಷ್ಷು, ಫ್ಲೋರೈಡ್ ಪೇಸ್ಟು, ಜೊತೆಗೆ ಬೆಳಿಗ್ಗೆ ಎಣ್ಣೆ. ಇದ್ದಿಲಿನದ್ದೂ ಒಂದು ಗುಂಪು ಇರಲಿ ಎಂದು ಯಾರೋ ಹೇಳಿದ್ದರು. ಹಲ್ಲು ಸವೆಯುವ ಭಯ ಒಂದು ಕಡೆಗಿರಲಿ, ಇದ್ದಿಲು ಹಚ್ಚಿಕೊಂಡವರ ವಸಡಿನ ಕಪ್ಪು ಗೆರೆ ಬೀದಿಯಿಂದಲೇ ಕಾಣುತ್ತದೆ, ಇನ್ನು ಗುಟ್ಟೆಲ್ಲಿ ಉಳಿಯುತ್ತದೆ ಎಂದು ಮೇಡಂ ಬೇಡವೆಂದರು.

ಗುಟ್ಟೇ ಆ ಪರೀಕ್ಷೆಯ ಜೀವ. ಯಾರು ಯಾವ ಗುಂಪು ಎಂದು ಅಂಕ ಕೊಡುವವಳಿಗೆ ಗೊತ್ತಿರಬಾರದು. ಗೊತ್ತಾದರೆ ಮನಸ್ಸು ಕಣ್ಣನ್ನು ಎಳೆಯುತ್ತದೆ. ಚೀಲಗಳನ್ನು ಕೆಳಗಿನ ಮಹಡಿಯಲ್ಲಿ ಬೇರೆಯವರು ಹಂಚುತ್ತಿದ್ದರು, ಪಟ್ಟಿ ಬೀಗದೊಳಗಿತ್ತು. "ನೀವು ಏನು ಬಳಸುತ್ತೀರೆಂದು ಒಳಗೆ ಹೇಳಬೇಡಿ" ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ತಪ್ಪಿ ತಿಳಿದರೆ ಅವಳು ತಕ್ಷಣ ಏಳಬೇಕು, ಮೇಡಂ ಬಂದು ಅಂಕ ಕೊಡಬೇಕು, ಇದು ನಿಯಮ.

ಮನೆಯಲ್ಲಿ ಮೇಷ್ಟ್ರು ಪಂದ್ಯ ಕಟ್ಟಿದರು. "ನಿಮ್ಮ ಕಾಲೇಜಿನ ಲೆಕ್ಕದಲ್ಲಿ ಎಣ್ಣೆ ಗೆದ್ರೆ ನೀನೂ ಒಂದು ತಿಂಗಳು ಮುಕ್ಕಳಿಸಬೇಕು. ಸೋತ್ರೆ ನಾನು ಆ ದಿನದಿಂದಲೇ ಬಿಟ್ಬಿಡ್ತೀನಿ. ಆಯ್ತಾ?"

"ಮಾತಿಗೆ ತಪ್ಪಬಾರದು."

"ಕಾರಿನ ಮೇಲಾಣೆ."

ಐದನೇ ವಾರ, ಒಂದು ಮಧ್ಯಾಹ್ನ, ಶಿಷ್ಯನೊಬ್ಬನಿಗೆ ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಿದ್ದಾಗ ಮೇಷ್ಟ್ರ ಎದೆಬಡಿತ ನಿಂತುಹೋಯಿತು. ಶಿಷ್ಯ ಹೆದರಿದರೂ ಬ್ರೇಕ್ ಸರಿಯಾಗಿ ಹಾಕಿದ್ದನಂತೆ. ಅದನ್ನು ಅವನು ಮೂರು ಸಲ ಹೇಳಿದ. ಅವಳು ಮೂರು ಸಲವೂ "ಒಳ್ಳೇದಾಯ್ತಪ್ಪ" ಎಂದಳು.

ಅಳು ಬರಲಿಲ್ಲ. ನಾದಿನಿ ಬಂದು ಕೈ ಹಿಡಿದು, "ಅತ್ತುಬಿಡಿ ಅತ್ತಿಗೆ, ಒಳಗೇ ಇಟ್ಕೋಬೇಡಿ" ಎಂದಳು. ಇಟ್ಟುಕೊಳ್ಳಲು ಒಳಗೆ ಏನಾದರೂ ಇದ್ದರೆ ತಾನೇ? ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತದೆ, ತನ್ನದು ಎಂದು ಅನ್ನಿಸುವುದಿಲ್ಲ, ಅವಳ ಇಡೀ ಮೈ ಹಾಗಾಗಿತ್ತು. ಊಟ ಮಾಡಿದಳು, ಬಟ್ಟೆ ಒಗೆದಳು, ಬ್ಯಾಂಕಿನ ಕಾಗದಗಳಿಗೆ ಸಹಿ ಹಾಕಿದಳು. ಹತ್ತು ದಿನಕ್ಕೆ ಕೆಲಸಕ್ಕೆ ಹೋದಳು. ಬಚ್ಚಲುಮನೆಯಲ್ಲಿ ನೀಲಿ ಬಳೆಯ ತಲೆ ಇದ್ದಲ್ಲೇ ಇತ್ತು, ಎಣ್ಣೆ ಬಾಟಲಿಯೂ ಅಲ್ಲೇ ಇತ್ತು. ತೆಗೆಯಬೇಕು ಎಂದೂ ಅನ್ನಿಸಲಿಲ್ಲ, ಇರಲಿ ಎಂದೂ ಅನ್ನಿಸಲಿಲ್ಲ.

ಕೆಲಸ ಮಾತ್ರ ಕೈತಪ್ಪಲಿಲ್ಲ. ಕುರ್ಚಿಯ ಮೇಲಿನ ದೀಪ ಹತ್ತಿದರೆ ಕಣ್ಣು ತಾನಾಗಿಯೇ ಎಚ್ಚರವಾಗುತ್ತಿತ್ತು. ಎರಡು, ಒಂದು, ಮೂರು, ಎರಡು. ಪ್ರತಿ ಹತ್ತನೆಯವರನ್ನು ಅವಳ ನಂತರ ಪಕ್ಕದ ಕೋಣೆಯಲ್ಲಿ ಮೇಡಂ ಕೂಡ ನೋಡಿ ಅಂಕ ಕೊಡುತ್ತಿದ್ದರು, ಇಬ್ಬರ ಅಂಕ ತಾಳೆಯಾಗುತ್ತವೋ ಇಲ್ಲವೋ ಎಂದು ನೋಡಲು. ಗಂಡ ಹೋದ ಮೇಲೂ ತಾಳೆಯಾಗುತ್ತಿತ್ತು. "ನಿಮಗೆ ರಜೆ ಬೇಕಾದ್ರೆ ತಗೊಳ್ಳಿ ಅಕ್ಕ" ಎಂದು ಮೇಡಂ ಹೇಳಿದಾಗ ಅವಳಿಗೆ ಮೊದಲ ಬಾರಿಗೆ ಭಯವಾಯಿತು. ಈ ಕುರ್ಚಿಯೂ ಹೋದರೆ ತಾನು ಬದುಕಿದ್ದೇನೆ ಎನ್ನುವುದಕ್ಕೆ ಸಾಕ್ಷಿ ಇನ್ನೇನಿದೆ? "ಬೇಡ ಮೇಡಂ. ಇದೊಂದು ಸರಿ ಇದೆ" ಎಂದಳು.

ಹನ್ನೆರಡನೇ ವಾರ, ಕೊನೆಯ ಸುತ್ತಿನ ಅಂಕಗಳ ಮೊದಲ ದಿನ. ಬೆಳಿಗ್ಗೆ ಹತ್ತೂವರೆಗೆ ಒಬ್ಬ ದರ್ಜಿ ಬಂದು ಕೂತ. ಅರವತ್ತರ ಮನುಷ್ಯ, ಕೊರಳಲ್ಲಿ ಅಳತೆ ಟೇಪನ್ನು ಮರೆತು ಹಾಗೇ ಹಾಕಿಕೊಂಡು ಬಂದಿದ್ದ. ಆ ದಿನ ಬೆಳಿಗ್ಗೆ ಬಾಯಿಗೆ ಏನೂ ಹಾಕಬಾರದು ಎಂದು ಎಲ್ಲರಿಗೂ ಹೇಳಿ ಕಳಿಸಿದ್ದರು. ಅವನು ಅದನ್ನು ಮರೆತು ರೂಢಿಯಂತೆ ಮುಕ್ಕಳಿಸಿ ಬಂದಿದ್ದ. ಅವಳು ಬಗ್ಗಿದಾಗ ಅವನ ಮೀಸೆಯ ತುದಿಯಲ್ಲಿ ಎಣ್ಣೆ ಮಿನುಗುತ್ತಿತ್ತು. ಮುಖದ ಮಾಸ್ಕ್ ದಾಟಿ ಎಳ್ಳೆಣ್ಣೆಯ ವಾಸನೆ ಬಂತು.

ಅವಳು ಏಳಬೇಕಿತ್ತು. ಏಳಲಿಲ್ಲ. ಬಣ್ಣ ಬಿಟ್ಟಳು, ಮುಕ್ಕಳಿಸಿ ಎಂದಳು. ದರ್ಜಿ ಕೆನ್ನೆ ಉಬ್ಬಿಸಿ ಮುಕ್ಕಳಿಸುತ್ತ, ಉಗುಳುವುದು ಎಲ್ಲಿ ಎಂದು ಕೈಸನ್ನೆ ಮಾಡಿ "ಊಂ?" ಎಂದ.

"ಒಂದು," ಎಂದಳು ಅಂಕದಕ್ಕ. "ಸೊನ್ನೆ. ಒಂದು. ಸೊನ್ನೆ. ಸೊನ್ನೆ." ಅವಳ ಸ್ವರ ಎಂದಿನಂತೆಯೇ ಇತ್ತು. ಗುಮಾಸ್ತರು ಬರೆದುಕೊಂಡರು. ಕಾಗದ ನೋಡಿ, "ಇವರು ಹತ್ತನೆಯವರು, ಮೇಡಂ ಹತ್ರ ಹೋಗ್ಬೇಕು" ಎಂದರು.

ಸಂಜೆ ಮೇಡಂ ಎರಡೂ ಹಾಳೆಗಳನ್ನು ಜೊತೆಗಿಟ್ಟುಕೊಂಡು ಅವಳನ್ನು ಕರೆದರು. ಅವಳು ಸೊನ್ನೆ ಎಂದಲ್ಲಿ ಅವರು ಎರಡು ಕೊಟ್ಟಿದ್ದರು. ಒಂದು ಎಂದಲ್ಲಿ ಮೂರು. ಹನ್ನೊಂದು ವರ್ಷದಲ್ಲಿ ಹೀಗೆ ಆಗಿರಲಿಲ್ಲ.

ಗುಮಾಸ್ತರು ಒಳ್ಳೆಯವರು, ಅವಳಿಗೊಂದು ನೆಪ ಒದಗಿಸಲು ಓಡಿಬಂದರು. "ಆ ದೀಪ ಬೆಳಗ್ಗೆಯಿಂದ ಮಿಣಮಿಣ ಅಂತಿತ್ತು ಮೇಡಂ. ನಾನೇ ನೋಡಿದೀನಿ."

"ದೀಪವೋ, ಸುಸ್ತೋ. ಪಾಪ, ಯಾರಿಗೆ ಆಗಲ್ಲ?" ಎಂದರು ಮೇಡಂ. "ನನ್ನ ಅಂಕವನ್ನೇ ಇಟ್ಕೊಳ್ಳೋಣ. ಇದನ್ನು ಇಲ್ಲಿಗೆ ಬಿಟ್ಬಿಡೋಣ ಅಕ್ಕ."

ಬಾಗಿಲು ತೆರೆದೇ ಇತ್ತು, ಸುಮ್ಮನೆ ಹೊರಗೆ ನಡೆದರೆ ಆಗುತ್ತಿತ್ತು. ನಾಳೆ ಬೆಳಿಗ್ಗೆ ಮತ್ತೆ ಅದೇ ಕುರ್ಚಿ, ಅದೇ ದೀಪ. ಅಂಕದಕ್ಕ ಹಾಳೆಯನ್ನು ನೋಡಿದಳು. ತನ್ನ ಸೊನ್ನೆಗಳು ಸಾಲಾಗಿ ಕೂತಿದ್ದವು. ಮೇಷ್ಟ್ರು ಬದುಕಿದ್ದಾಗ ಒಂದು ದಿನವೂ ಅವರಿಗೆ ಸೊನ್ನೆ ಕೊಟ್ಟಿರಲಿಲ್ಲ.

"ದೀಪ ಸರಿ ಇತ್ತು," ಎಂದಳು. "ಅವರು ಎಣ್ಣೆ ಗುಂಪು ಅಂತ ನನಗೆ ಗೊತ್ತಾಯ್ತು. ವಾಸನೆ ಬಂತು. ನಾನು ಏಳ್ಬೇಕಿತ್ತು, ಏಳಲಿಲ್ಲ. ಕಣ್ಣಿಗೆ ಗುಲಾಬಿ ಕಂಡಿತ್ತು ಮೇಡಂ. ಬಾಯಿ ಸೊನ್ನೆ ಅಂತು."

ಮೇಡಂ ಅವರ ಮೂಗು ಮೂರು ದಿನದಿಂದ ಕಟ್ಟಿತ್ತು, ಕರವಸ್ತ್ರಕ್ಕೆ ಮೂಗು ಒರೆಸಿಕೊಂಡರು. "ನನಗೆ ನೆಗಡಿ ಬಂದು ಆ ವಾಸನೆ ತಿಳಿಯದೇ ಹೋದದ್ದು ಒಳ್ಳೇದಾಯ್ತು," ಎಂದರು. "ಬೇರೆ ಯಾರದ್ದಾದ್ರೂ ಗೊತ್ತಾಗಿತ್ತಾ?"

"ಇಲ್ಲ. ಆದ್ರೆ ಇನ್ನು ನನ್ನ ಮಾತು ನಂಬಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಹಾಗೆ ನೋಡಿ."

ಮೇಡಂ ಹಾಗೆಯೇ ಮಾಡಿದರು. ಅವಳು ಹಿಂದೆ ಕೊಟ್ಟ ಅಂಕಗಳನ್ನು ತಾಳೆಯ ಹಾಳೆಗಳೊಂದಿಗೆ ಮತ್ತೆ ಇಟ್ಟು ನೋಡಿದರು, ಎಲ್ಲವೂ ಸರಿಯಾಗಿದ್ದವು. ದರ್ಜಿಯ ಹಾಳೆಯ ಮೇಲೆ ಮಾತ್ರ ಅಡ್ಡಗೆರೆ ಎಳೆದು, "ಪರೀಕ್ಷಕಿಗೆ ಗುಂಪು ತಿಳಿದಿತ್ತು" ಎಂದು ಶಾಯಿಯಲ್ಲಿ ಬರೆದು, ಕೆಳಗೆ ಅವಳ ಸಹಿ ಹಾಕಿಸಿಕೊಂಡರು. ಉಳಿದ ನಾಲ್ಕು ದಿನ ಮೇಡಂ ಕುರ್ಚಿಯ ಪಕ್ಕ ನಿಂತರು. ಅಂಕದಕ್ಕ ಗುಮಾಸ್ತರ ಮೇಜಿನಲ್ಲಿ ಕೂತು, ಮೇಡಂ ಹೇಳಿದ್ದನ್ನು ಬರೆದಳು. ಅವಳ ಅಕ್ಷರ ದುಂಡಗಿತ್ತು. ಹೆಸರು ಮಾತ್ರ ಬದಲಾಗಲಿಲ್ಲ, ಅಂಕ ಕೊಡದ ಅಂಕದಕ್ಕನಾಗಿ ಉಳಿದಳು. ಬೇಸರವಾಯಿತೇ ಎಂದು ಗುಮಾಸ್ತರು ಕೇಳಿದರು. "ಗೊತ್ತಾಗ್ತಿಲ್ಲ" ಎಂದಳು. ಅದು ನಿಜವಾಗಿತ್ತು.

ಎರಡು ವಾರದ ಮೇಲೆ ಬೀಗದ ಪಟ್ಟಿ ಹೊರಗೆ ಬಂತು. ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಓದಿದರು. ಎಲೆಕ್ಟ್ರಿಕ್ ಬ್ರಷ್ಷಿನವರ ಹಲ್ಲಿನ ಪಾಚಿಯೂ ವಸಡಿನ ರಕ್ತವೂ ಸಾದಾ ಬ್ರಷ್ಷಿನವರಿಗಿಂತ ಕಡಿಮೆ. ಆಕಾಶ ಭೂಮಿಯ ಅಂತರವಲ್ಲ, ಆದರೆ ಇದೆ. ಗಿಡಮೂಲಿಕೆಯವರು ಪಾಚಿಯಲ್ಲೂ ವಸಡಿನಲ್ಲೂ ಸಾದಾ ಗುಂಪಿಗೆ ಸಮಸಮ. "ಹುಳುಕಿನ ಬಗ್ಗೆ ಈ ಲೆಕ್ಕ ಏನೂ ಹೇಳಲ್ಲ. ಅದಕ್ಕೆ ಹನ್ನೆರಡು ವಾರ ಸಾಲದು, ವರ್ಷಗಳು ಬೇಕು. ಫ್ಲೋರೈಡ್ ಇಲ್ಲದ್ದನ್ನು ನಾನು ಯಾರಿಗೂ ಹೇಳಲ್ಲ" ಎಂದರು ಮೇಡಂ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಕೊನೆಯ ಸಾಲು ಓದಿದರು. ಎಣ್ಣೆ ಗುಂಪಿಗೂ ಸಾದಾ ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

"ಅಲ್ಲಿ ಇಲ್ಲಿ ಸಣ್ಣ ಪರೀಕ್ಷೆಗಳಲ್ಲಿ ಸ್ವಲ್ಪ ಲಾಭ ಕಂಡಿದೆ ಅಂತಾರೆ. ಹತ್ತಿಪ್ಪತ್ತು ಜನ, ಗುಟ್ಟೂ ಇಲ್ಲ, ಅವನ್ನು ಹೇಗೆ ನಂಬೋದು? ನಮ್ಮ ಎಣ್ಣೆ ಗುಂಪಿನಲ್ಲೂ ಮೂವತ್ತೇ ಜನ. ಎಣ್ಣೆ ಕೆಟ್ಟದ್ದು ಅಂತ ಇದರರ್ಥ ಅಲ್ಲ. ಬ್ರಷ್ಷು ಪೇಸ್ಟಿನ ಮೇಲೆ ಅದರಿಂದ ಹೆಚ್ಚಿಗೆ ಏನೂ ಸಿಗಲಿಲ್ಲ, ಅಷ್ಟೇ."

"ಅಕ್ಕನ ಆ ಸೊನ್ನೆಗಳು ಇದ್ದಿದ್ರೆ?" ಎಂದು ಗುಮಾಸ್ತರು ಮೆಲ್ಲಗೆ ಕೇಳಿದರು.

"ಮೂವತ್ತರಲ್ಲಿ ಒಂದು ಬಾಯಿ. ಇದ್ದಿದ್ರೂ ಸೋಲುತ್ತಿತ್ತು."

ಮರುದಿನ ಬೆಳಿಗ್ಗೆ ಅಂಕದಕ್ಕ ಬಚ್ಚಲುಮನೆಗೆ ಹೋದಳು. ಬ್ರಷ್ಷಿನ ಹಿಡಿಗೆ ಹಳದಿ ಬಳೆಯ ತಲೆ ಸಿಕ್ಕಿಸಿ ಹಲ್ಲುಜ್ಜಿದಳು. ಅರ್ಧ ನಿಮಿಷಕ್ಕೊಮ್ಮೆ ಅದು ತಡವರಿಸಿತು, ಎರಡು ನಿಮಿಷಕ್ಕೆ ತಾನಾಗಿ ನಿಂತಿತು. ಬಾಯಿ ಒರೆಸಿಕೊಂಡು ಹೊರಗೆ ಬಂದು, ರೂಢಿಯ ಹಾಗೆ ಬಾಗಿಲಿಗೆ ಒರಗಿ ನಿಂತಳು. ಎಣ್ಣೆ ಬಾಟಲಿ ಎದುರಿಗಿತ್ತು, ಅರ್ಧದ ಮೇಲೆ ತುಂಬಿತ್ತು.

"ರೀ, ಫಲಿತಾಂಶ ಬಂತು," ಎಂದಳು. ಎಷ್ಟೋ ದಿನದ ಮೇಲೆ ಮನೆಯಲ್ಲಿ ಅವಳ ಸ್ವರ ಕೇಳಿಸಿತು. ಮೊದಲು ಬ್ರಷ್ಷಿನದ್ದು ಹೇಳಿದಳು, ಅದರಲ್ಲಿ ನೀವು ಗೆದ್ದಿರಿ ಎಂದಳು. ಪೇಸ್ಟಿನದ್ದು ಹೇಳಿದಳು. ದರ್ಜಿಯ ವಿಷಯವನ್ನೂ ಹೇಳಿದಳು, ಒಂದು ಸಲ ನಿಮಗೆ ಸೊನ್ನೆ ಕೊಟ್ಟೆ, ಅದಕ್ಕೆ ಕುರ್ಚಿ ಹೋಯಿತು ಎಂದಳು. ಎಲ್ಲ ಮುಗಿದ ಮೇಲೆ ಆ ಮಾತು ಬಾಯಿಗೆ ತಾನಾಗಿ ಬಂತು.

"ಎಣ್ಣೆಯಿಂದ ಏನೂ ಆಗಲ್ಲ ಅಂತ ನಾನು ಹೇಳಿರ್ಲಿಲ್ವಾ?"

ನಲ್ಲಿಯಿಂದ ಒಂದು ಹನಿ ಬಿತ್ತು. ಅವಳು ನಿಂತೇ ಇದ್ದಳು, "ಊಂ" ಆದರೂ ಸರಿ, "ಊಂಹೂಂ" ಆದರೂ ಸರಿ ಎಂದು. ಗೋಡೆಯ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಪೂರ್ತಿ ಕಳೆಯಿತು. ಪಂದ್ಯ ಅವಳೇ ಗೆದ್ದಿದ್ದಳು, ಇವತ್ತಿನಿಂದ ಬಿಟ್ಟುಬಿಡುತ್ತೇನೆ ಎನ್ನಲು ಅವರಿರಲಿಲ್ಲ. ಅಂಕದಕ್ಕ ಬಚ್ಚಲಿನ ಹೊಸ್ತಿಲ ಮೇಲೆ ಕೂತು ಅತ್ತಳು.